ನಾಲ್ಕನೇ ಮನೆಯ ಎರಡನೇ ತಲೆ

ನಮ್ಮ ಮನೆ ಮಾಲೀಕರು ಇರುವುದು ಭದ್ರಾವತಿಯಲ್ಲಿ. ಹೊಳೆಹೊನ್ನೂರಿನ ಹತ್ತಿರದ ಗದ್ದೆ ಮಾರಿ ಅವರು ಶಿವಮೊಗ್ಗದ ನವುಲೆಯ ಕಡೆ ಕಟ್ಟಿಸಿದ ಕಟ್ಟಡದಲ್ಲಿ ಆರು ಮನೆಗಳಿವೆ. ಮೊದಲ ಮಹಡಿಯಲ್ಲಿರುವ ನಾಲ್ಕನೆಯದು ನನ್ನದು. ಅಲ್ಲೇ ಹತ್ತಿರದ ಪ್ರಯೋಗಾಲಯವೊಂದರಲ್ಲಿ ನನಗೆ ಮಣ್ಣು ಪರೀಕ್ಷೆಯ ಕೆಲಸ. ಒಂಟಿ ಹೆಣ್ಣುಮಗಳಿಗೆ ಮನೆ ಕೊಡಲು ಒಪ್ಪಿದ ಮೊದಲ ಮಾಲೀಕರು ಇವರು. ಅದಕ್ಕೂ ಮೊದಲು ನಾನು ನೋಡಿದ ಮನೆಗಳಲ್ಲೆಲ್ಲ ಬಾಡಿಗೆ, ಮುಂಗಡ ಎಲ್ಲ ಒಪ್ಪಿಗೆಯಾದ ಮೇಲೆ 'ಜೊತೆಗೆ ಯಾರಿರ್ತಾರೆ?' ಎಂಬ ಪ್ರಶ್ನೆ ಬರುತ್ತಿತ್ತು. ಯಾರೂ ಇಲ್ಲ ಎಂದರೆ ಮನೆಯೂ ಇಲ್ಲ. ಇವರು ಮಾತ್ರ, ಒಬ್ಬರೇ ಆದರೆ ನೀರಿನ ಖರ್ಚು ಕಡಿಮೆ ಎಂದು ಹೇಳಿ, ಕರಾರುಪತ್ರದಲ್ಲಿ 'ವಾಸಿಸುವವರು: ಒಬ್ಬರು' ಎಂದು ಬರೆಸಿ, ಬೀಗದ ಕೈ ಕೊಟ್ಟಿದ್ದರು.

ಅವರು ಭದ್ರಾವತಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಹಾಜರಾತಿ ನೋಡುತ್ತಿದ್ದವರು. ಅವರ ಕಾಲದಲ್ಲಿ ಕೆಲಸಗಾರರು ಒಳಗೆ ಹೋಗುವಾಗ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ನೇತುಹಾಕಬೇಕಿತ್ತಂತೆ. ಬಿಲ್ಲೆ ಇದ್ದರೆ ಆಳು ಒಳಗಿದ್ದಾನೆ, ಇಲ್ಲದಿದ್ದರೆ ಸಂಬಳವಿಲ್ಲ. ನಿವೃತ್ತರಾದ ಮೇಲೆ ಅವರ ಲೆಕ್ಕಕ್ಕೆ ಸಿಕ್ಕಿದ್ದು ನಾವು ಆರು ಮನೆಯವರು.

ಮೂರು ತಿಂಗಳಿಗೊಮ್ಮೆ ಅವರು ನಿರ್ವಹಣಾ ವೆಚ್ಚದ ಪತ್ರ ಬರೆದು, ಮೆಟ್ಟಿಲ ಬುಡದಲ್ಲಿ ಮೀಟರುಗಳ ಪಕ್ಕ ಅಂಟಿಸುತ್ತಾರೆ. ಮೆಟ್ಟಿಲು ಗುಡಿಸುವವರ ಸಂಬಳ, ಮೆಟ್ಟಿಲ ದೀಪದ ಕರೆಂಟು, ಟ್ಯಾಂಕು ತೊಳೆಸಿದ್ದು, ಇವನ್ನು ಆರು ಮನೆಗೂ ಸಮನಾಗಿ ಹಂಚುತ್ತಾರೆ. ಬೋರ್‌ವೆಲ್ ಮೋಟಾರಿನ ಕರೆಂಟು ಮತ್ತು ರಿಪೇರಿಯನ್ನು ಮಾತ್ರ ತಲೆಗೆ ಇಷ್ಟು ಎಂದು ಹಂಚುತ್ತಾರೆ. ನೀರು ಬಳಸುವುದು ಮನೆಯಲ್ಲ, ಮನುಷ್ಯರು ಎಂಬುದು ಅವರ ವಾದ. ವಾದ ಸರಿಯಾಗಿಯೇ ಇದೆ. ಹಾಗಾಗಿ ಪ್ರತಿ ಪತ್ರದಲ್ಲೂ ಮನೆಯ ನಂಬರು, ಅದರ ಮುಂದೆ ಜನರ ಸಂಖ್ಯೆ, ಅದರ ಮುಂದೆ ಕೊಡಬೇಕಾದ ಮೊತ್ತ ಇರುತ್ತಿತ್ತು. ನನ್ನ ಸಾಲಿನಲ್ಲಿ 'ಮನೆ 4: 1 ಜನ.'

ಅಮ್ಮ ಒಮ್ಮೆ ನನ್ನನ್ನು ನೋಡಲು ಬಂದವಳು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಳು. ಕೊರಿಯರಿನವರು, ಸಿಲಿಂಡರಿನವರು, ಹಾದುಹೋಗುವ ಯಾರು ಬೇಕಾದರೂ ಓದುವ ಹಾಗೆ ಮಗಳು ಒಬ್ಬಳೇ ಇದ್ದಾಳೆಂದು ಗೋಡೆಗೆ ಅಂಟಿಸಿದ್ದಾರಲ್ಲ ಎಂಬುದು ಅವಳ ಸಂಕಟ. ಮಾಲೀಕರಿಗೆ ಹೇಳುತ್ತೇನೆ ಎಂದೆ. ಹೇಳಿದರೆ ಅದಕ್ಕೂ ಒಂದು ಪತ್ರ ಅಂಟಿಸ್ತಾರೆ ಎಂದು ಅವಳು ಗಾಂಧಿ ಬಜಾರಿಗೆ ಹೋಗಿ ಒಂದು ಜೊತೆ ಗಂಡಸರ ಚಪ್ಪಲಿ ತಂದಳು. ಕಂದು ಬಣ್ಣ, ಅಗಲವಾದ ಪಟ್ಟಿ, ದೊಡ್ಡ ಅಳತೆ. ಚಿಕ್ಕದಾದರೆ ಯಾರೂ ಹೆದರುವುದಿಲ್ಲವಂತೆ. ಅದನ್ನು ನನ್ನ ಬಾಗಿಲ ಹೊರಗೆ, ನನ್ನ ಚಪ್ಪಲಿಯ ಪಕ್ಕ ಇಟ್ಟು, ಯಾರಾದರೂ ಬಂದರೆ ಒಳಗೆ ಯಾರೋ ಇದ್ದಾರೆ ಅಂದುಕೊಳ್ಳಲಿ ಎಂದು ಸಮಾಧಾನದಿಂದ ಬಸ್ಸು ಹತ್ತಿದಳು.

ಅಂದುಕೊಂಡವರಲ್ಲಿ ಮೊದಲನೆಯವರು ಮಾಲೀಕರು.

ಅವರು ಭಾನುವಾರ ಭಾನುವಾರ ಸ್ಕೂಟರಿನಲ್ಲಿ ಬಂದು, ಮೇಲಿನ ಟ್ಯಾಂಕು ನೋಡಲು ಮೆಟ್ಟಿಲು ಹತ್ತುವಾಗ ಪ್ರತಿ ಬಾಗಿಲ ಮುಂದಿನ ಚಪ್ಪಲಿಗಳನ್ನು ಎಣಿಸುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಯಾರ ಮನೆಯ ಬಾಗಿಲೂ ತಟ್ಟದೆ, ಯಾರನ್ನೂ ಏನೂ ಕೇಳದೆ ತಲೆ ಲೆಕ್ಕ ಹಾಕುವ ವಿಧಾನ ಅದು. ಮುಂದಿನ ಪತ್ರದಲ್ಲಿ 'ಮನೆ 4: 2 ಜನ, ರೂ. 1,680' ಎಂದಿತ್ತು. ಕೊನೆಯಲ್ಲಿ ಕೆಂಪು ಶಾಯಿಯ ಎರಡು ಸಾಲು: 'ಮನೆ 4ರವರು ಹೆಚ್ಚುವರಿ ವ್ಯಕ್ತಿಯ ವಿವರವನ್ನು ಹತ್ತನೇ ತಾರೀಕಿನೊಳಗೆ ನೀಡತಕ್ಕದ್ದು. ತಪ್ಪಿದಲ್ಲಿ ಕರಾರಿನ ಪ್ರಕಾರ ಮನೆ ಖಾಲಿ ಮಾಡತಕ್ಕದ್ದು.'

ಪತ್ರವನ್ನು ನಾನು ನೋಡುವ ಮೊದಲೇ ಉಳಿದ ಐದು ಮನೆಯವರು ನೋಡಿಯಾಗಿತ್ತು. ಕೆಳಮನೆಯ ಹೆಂಗಸು ಅಂದು ಸಂಜೆ ನನಗೆ ಹೋಳಿಗೆ ಕಳಿಸಿದರು. ಯಾವಾಗಲೂ ಎರಡು ಬರುವ ಕಡೆ ಅಂದು ನಾಲ್ಕು ಬಂದವು. ಮರುದಿನ ತಟ್ಟೆ ವಾಪಸು ಕೊಡಲು ಹೋದಾಗ ಅವರು ದನಿ ತಗ್ಗಿಸಿ ಕೇಳಿದರು.

"ಅಲ್ಲ ಮಾರಾಯ್ತಿ, ಒಂದು ಮಾತು ಹೇಳೋದಲ್ವಾ? ಒಂದಿನಾನೂ ಕಣ್ಣಿಗೆ ಬಿದ್ದಿಲ್ಲ. ನೈಟ್ ಶಿಫ್ಟಾ?"

ನಾನು ಇಲ್ಲ ಎಂದೆ.

"ಹಂಗಾದ್ರೆ ಹಗಲು ಹೊತ್ತು ಹೋಗ್ತಾರೆ. ಚಪ್ಪಲಿ ಬಿಟ್ಟು ಶೂ ಹಾಕ್ಕೊಂಡು. ಅದೇ ನಮ್ಮನೆಯವರು ಹೇಳಿದ್ರು, ಶೂ ಹಾಕೋ ಕೆಲಸ ಅಂತ."

ನಿಜ ಹೇಳಿದರೆ ಚಪ್ಪಲಿ ಬರಿಯ ಬೆದರುಬೊಂಬೆ ಎಂದು ಇಡೀ ಬೀದಿಗೆ ತಿಳಿಯುತ್ತಿತ್ತು. ಹೇಳದಿದ್ದರೆ ಶೂ ಹಾಕುವ ಒಬ್ಬ ಮನುಷ್ಯ ಖಾಯಂ ಆಗುತ್ತಿದ್ದ. ನಾನು ಹೋಳಿಗೆ ಚೆನ್ನಾಗಿತ್ತು ಎಂದು ಹೇಳಿ ಮೆಟ್ಟಿಲು ಹತ್ತಿದೆ. ನನಗೆ ಬೇಕಾಗಿದ್ದದ್ದು ಆ ಮನೆ. ಇನ್ನೊಮ್ಮೆ ಊರೆಲ್ಲ ತಿರುಗಿ 'ಜೊತೆಗೆ ಯಾರಿರ್ತಾರೆ?' ಎಂದು ಕೇಳಿಸಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ.

ಹತ್ತನೇ ತಾರೀಕಿನ ಹಿಂದಿನ ಶನಿವಾರ ಚಪ್ಪಲಿಗಳನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಲೆಕ್ಕ ಮಾಡಿದಾಗ ಇನ್ನೊಂದು ತೊಡಕು ಕಂಡಿತು. ಮೋಟಾರಿನ ಕರೆಂಟು, ರಿಪೇರಿ ಸೇರಿ ಆರು ಸಾವಿರದ ನೂರಿಪ್ಪತ್ತು ರೂಪಾಯಿ. ನನ್ನ ಸುಳ್ಳು ತಲೆಯೂ ಸೇರಿ ಹದಿನೆಂಟು ಜನಕ್ಕೆ ಹಂಚಿದ್ದರಿಂದ ತಲೆಗೆ ಮುನ್ನೂರನಲವತ್ತು ಬಂದಿತ್ತು. ಆ ಒಂದು ತಲೆ ತೆಗೆದರೆ ಉಳಿದವರ ಪಾಲು ಮುನ್ನೂರರವತ್ತಕ್ಕೆ ಏರುತ್ತದೆ. ನಾಲ್ಕು ಜನರಿರುವ ಮನೆಗೆ ಎಂಬತ್ತು ರೂಪಾಯಿ ಹೆಚ್ಚು. ಅಂದರೆ ನನ್ನ ಲೆಕ್ಕ ಸರಿಯಾದ ಕೂಡಲೇ ಐದು ಮನೆಯವರು, ಆ ಮನುಷ್ಯ ಬಿಟ್ಟುಹೋದನೇ ಎಂದು ಕೇಳಲಿದ್ದರು.

ಮಾಲೀಕರ ಮನೆಯಲ್ಲಿ ಅವರ ಹೆಂಡತಿ ಬಾಗಿಲು ತೆಗೆದರು. ಮಾಲೀಕರು ಪತ್ರದ ಪ್ರತಿಯಿದ್ದ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಚಪ್ಪಲಿಯ ವಿಷಯ, ಉಳಿದವರ ಪಾಲು ಏರುವ ತೊಡಕು ಎರಡನ್ನೂ ಹೇಳಿದೆ. ಚಪ್ಪಲಿ ಇದ್ದ ಮೇಲೆ ಆಳು ಇರಲೇಬೇಕು ಎಂದರು. ಇಲ್ಲ ಎಂದೆ. ಮೂರು ಭಾನುವಾರ ತಾವೇ ಕಣ್ಣಾರೆ ನೋಡಿದ್ದಾಗಿ ಹೇಳಿದರು. ಮೂರು ಭಾನುವಾರವೂ ಆ ಜೊತೆ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಇತ್ತಲ್ಲವೇ ಎಂದು ಕೇಳಿದೆ. ಕಾಫಿ ತಂದ ಅವರ ಹೆಂಡತಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು.

"ರೀ, ಒಬ್ಬನ ಬಿಲ್ಲೆ ಇನ್ನೊಬ್ಬ ಹಾಕಿ ಹೋಗೋನು, ನೀವು ಅಂಥೋರನ್ನ ಹಿಡಿದು, ಮನೆಗೆ ಬಂದು ಊಟದ ಹೊತ್ತಲ್ಲಿ ಕತೆ ಹೇಳ್ತಿದ್ರಲ್ಲ. ಇದೂ ಅದೇ. ಆಳಿಲ್ಲ, ಬರೀ ಬಿಲ್ಲೆ."

ಮಾಲೀಕರ ಮುಖ ಬದಲಾಯಿತು. ಕೈ ಚಾಚಿ ಚೀಲ ಕೇಳಿದರು. ಕನ್ನಡಕ ಹಾಕಿಕೊಂಡು ಚಪ್ಪಲಿ ತಿರುಗಿಸಿ ನೋಡಿದರು. ಅಡಿಯಲ್ಲಿ ಬೆಲೆಯ ಚೀಟಿ ಹಾಗೇ ಇತ್ತು. ಅಡಿಯ ಅಂಚನ್ನು ಉಗುರಿನಿಂದ ಕೆರೆದು, ಮಣ್ಣು ಬೆರಳಿಗೆ ಹತ್ತದಿದ್ದುದನ್ನು ಕಂಡು ತಲೆಯಾಡಿಸಿದರು.

"ಇದು ಒಂದು ಹೆಜ್ಜೆನೂ ನಡೆದಿಲ್ಲ ಕಣೇ. ನನಗೇ ಹಾಕಿದ್ರಲ್ಲ ಟೋಪಿ."

ಬೇಸರಕ್ಕಿಂತ ಹೆಚ್ಚಾಗಿ ಅವರ ದನಿಯಲ್ಲಿ ಮೆಚ್ಚುಗೆ ಇತ್ತು. ಹಾಕಿದವರು ನಮ್ಮಮ್ಮ ಎಂದೆ. ಆಮೇಲೆ, ಗೋಡೆಯ ಮೇಲೆ ಮನೆಗಿಷ್ಟು ಜನ ಎಂದು ಬರೆಯಬೇಡಿ, ಎಲ್ಲ ಶುರುವಾದದ್ದು ಅಲ್ಲಿಂದ ಎಂದೂ ಹೇಳಿದೆ. ಅದಕ್ಕೆ ಅವರು ಒಪ್ಪಲಿಲ್ಲ. ಲೆಕ್ಕದ ಆಧಾರ ತೋರಿಸದೆ ಮೊತ್ತ ಕೇಳುವುದು ಕಳ್ಳತನಕ್ಕೆ ಸಮ ಎಂದು, ಫೈಲಿನಿಂದ ಬಿಳಿ ಹಾಳೆ ತೆಗೆದು ತಾವೇ ಒಂದು ದಾರಿ ಕಂಡುಕೊಂಡು ಬರೆದರು. ಯಾರ ಪಾಲೂ ಏರಬಾರದು, ನನ್ನದು ಮಾತ್ರ ಇಳಿಯಬೇಕು ಎಂಬುದು ಅವರ ಲೆಕ್ಕ. ಬರೆದು ಮುಗಿಸಿ ಗಟ್ಟಿಯಾಗಿ ಓದಿದರು: "ಮನೆ ನಾಲ್ಕು, ಎರಡು ಜನ. ಎರಡನೆಯವರ ಖರ್ಚು ಮಾಲೀಕರೇ ನೋಡಿಕೊಳ್ಳುತ್ತಾರೆ."

ಅವರ ಹೆಂಡತಿ ಹಾಳೆ ಕಿತ್ತುಕೊಂಡು ಮಡಚಿ ಕಾಫಿ ಲೋಟದ ಅಡಿಗಿಟ್ಟರು.

"ಇದನ್ನ ಅಂಟಿಸಿದ್ರೆ ಈ ಹುಡುಗಿ ಅಲ್ಲ, ನಾನು ಮನೆ ಖಾಲಿ ಮಾಡ್ತೀನಿ," ಎಂದರು. ಅದರ ಅರ್ಥ ಮಾಲೀಕರಿಗೆ ತಿಳಿಯಲು ಕೊಂಚ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವರು ನನ್ನ ಕಡೆ ನೋಡದೆ ಪೆನ್ನಿನ ಮುಚ್ಚಳ ಹಾಕಿದರು. ನಾನೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಹದಿನೆಂಟನೆಯ ತಲೆಯನ್ನು ಹುಡುಕಿಕೊಟ್ಟವರೂ ಆಕೆಯೇ. ಭಾನುವಾರ ಹೋದಾಗಲೆಲ್ಲ ಆ ಕಟ್ಟಡದ ನಲ್ಲಿಯಲ್ಲಿ ಸ್ಕೂಟರು ತೊಳೆಯುವವರು ಯಾರು, ಬೇಳೆ ಚೆನ್ನಾಗಿ ಬೇಯುತ್ತದೆಂದು ಎರಡು ಕ್ಯಾನ್ ನೀರು ಹೊತ್ತು ತರುವವರು ಯಾರು, ಆ ನೀರೇನು ಮೋಟಾರಿಲ್ಲದೆ ತಾನಾಗಿ ಮೇಲೆ ಬರುತ್ತದೆಯೇ ಎಂದು ಕೇಳಿದರು. ಮಾಲೀಕರು ಫೈಲು ತಿರುವಿಹಾಕಿದರು. ಇಷ್ಟು ವರ್ಷಗಳ ಪತ್ರಗಳಲ್ಲಿ ಅವರು ತಮ್ಮನ್ನು ಎಣಿಸಿಕೊಂಡೇ ಇರಲಿಲ್ಲ.

"ಟೈಮ್ ಆಫೀಸಿನೋನಿಗೆ ಬಿಲ್ಲೆ ಇರ್ತಿರಲಿಲ್ಲಮ್ಮ," ಎಂದು ನನಗೆ ಸಮಜಾಯಿಷಿ ಕೊಟ್ಟರು.

ಹೊಸ ಪತ್ರ ಹೀಗಾಯಿತು. ಗೋಡೆಗೆ ಖರ್ಚಿನ ಬಾಬ್ತುಗಳು ಮಾತ್ರ. ಕೆಳಗೆ 'ನೀರು: ಮಾಲೀಕರೂ ಸೇರಿ ಒಟ್ಟು 18 ಜನ, ತಲಾ ರೂ. 340. ಸಮನಾಗಿ ಹಂಚಿದ್ದು: ಮನೆಗೆ ರೂ. 1,000.' ಮನೆ ಮನೆಯ ಮೊತ್ತ ಬೇರೆ ಚೀಟಿಯಲ್ಲಿ, ಮಡಚಿ, ಬಾಗಿಲಡಿಯಿಂದ ಒಳಗೆ. ಯಾರ ಪಾಲೂ ಬದಲಾಗದ ಕಾರಣ ಯಾರೂ ಏನೂ ಕೇಳುವಂತಿರಲಿಲ್ಲ. ನನ್ನ ಚೀಟಿಯನ್ನು ಅವರು ಅಲ್ಲೇ ಬರೆದು ಕೊಟ್ಟರು: ರೂ. 1,340. ಕೆಂಪು ಶಾಯಿಯ ಸಾಲುಗಳನ್ನು ಫೈಲಿನ ಪ್ರತಿಯಲ್ಲಿ ನನ್ನೆದುರೇ ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಮಾಡಿದರು.

ಹೊರಡಲು ಎದ್ದಾಗ ಚಪ್ಪಲಿಯ ಚೀಲ ಖಾಲಿಯಾಗಿತ್ತು. ಹೊಸ ಚಪ್ಪಲಿ ಮಾಲೀಕರ ಕಾಲಲ್ಲಿತ್ತು. ಅಳತೆ ನೋಡಲೆಂದು ಹಾಕಿಕೊಂಡವರು ಬಿಚ್ಚಿರಲಿಲ್ಲ. ಸವೆಯದ ಚಪ್ಪಲಿ ಯಾರನ್ನೂ ನಂಬಿಸುವುದಿಲ್ಲ, ತಾನೊಬ್ಬನೇ ಮೋಸಹೋದದ್ದು ಎಂದು ಅವರು ವಿವರಿಸಿದರು. ಬದಲಿಗೆ ಹಿತ್ತಲಲ್ಲಿ ಹಾಕುತ್ತಿದ್ದ ತಮ್ಮ ಹಳೆಯ ಜೊತೆಯನ್ನು ತೊಳೆಸಿ ಚೀಲಕ್ಕೆ ಹಾಕಿಸಿದರು. ಹಿಮ್ಮಡಿಯ ಕಡೆ ಚೆನ್ನಾಗಿ ಸವೆದಿತ್ತು. ನೋಡಿದರೆ ಒಬ್ಬ ಮನುಷ್ಯನಿದ್ದಾನೆಂದು ಯಾರು ಬೇಕಾದರೂ ಪ್ರಮಾಣ ಮಾಡಬಹುದಾಗಿತ್ತು.

ಆ ಜೊತೆ ಈಗಲೂ ನನ್ನ ಬಾಗಿಲ ಹೊರಗಿದೆ. ಕೆಳಮನೆಯವರು ಹೋಳಿಗೆಯನ್ನು ಇನ್ನೂ ನಾಲ್ಕರಂತೆಯೇ ಕಳಿಸುತ್ತಾರೆ, ನಾನು ತಿನ್ನುತ್ತೇನೆ. ಭಾನುವಾರ ಬೆಳಿಗ್ಗೆ ಟ್ಯಾಂಕು ನೋಡಲು ಮಾಲೀಕರು ಮೆಟ್ಟಿಲು ಹತ್ತುವ ಸದ್ದು ಕೇಳಿಸುತ್ತದೆ. ನನ್ನ ಬಾಗಿಲ ಮುಂದೆ ಆ ಸದ್ದು ಒಂದು ಕ್ಷಣ ನಿಲ್ಲುತ್ತದೆ. ಅವರು ಹೋದ ಮೇಲೆ ಬಾಗಿಲು ತೆಗೆದು ನೋಡಿದರೆ ಹಳೆಯ ಚಪ್ಪಲಿ ದಿಕ್ಕು ಬದಲಿಸಿರುತ್ತದೆ. ಒಂದು ವಾರ ಗೋಡೆಯ ಕಡೆ ಮುಖ, ಇನ್ನೊಂದು ವಾರ ಮೆಟ್ಟಿಲ ಕಡೆ. ಒಮ್ಮೆ ಒಂದು ಕಾಲಿನದು ಮಗುಚಿ ಬಿದ್ದಿತ್ತು, ಆತ ಅವಸರದಲ್ಲಿ ಬಿಟ್ಟು ಒಳಗೆ ಬಂದ ಹಾಗೆ.