ಸಿಪ್ಪೆಯ ನೀರು

ಮುಂಬಯಿ ಪಕ್ಕದ ಠಾಣೆಯಲ್ಲಿ, ರೈಲು ಸ್ಟೇಷನ್ನಿನ ಹತ್ತಿರ ನಾನು ಅಡುಗೆ ಮಾಡುತ್ತಿದ್ದ ಹೋಟೆಲಿನಲ್ಲಿ, ಎಂಬತ್ತರ ದಶಕದ ಮೊದಲಿಗೆ, ಧಣಿಗಳು ಮೇಲೊಂದು ಫ್ಯಾಮಿಲಿ ರೂಮ್ ತೆರೆದರು. ಇಡ್ಲಿ ದೋಸೆ ಸಾಲದು, ಸಂಜೆ ಮಕ್ಕಳನ್ನು ಕರಕೊಂಡು ಬರುವವರಿಗೆ ಸೂಪ್ ಬೇಕು ಎಂದರು. ನನಗೆ ಸಾರು ಗೊತ್ತಿತ್ತು, ಸೂಪ್ ಗೊತ್ತಿರಲಿಲ್ಲ. ಮೊದಲ ದಿನ ಬೇಳೆ ಬೆಂದ ಕಟ್ಟಿನ ನೀರಿಗೆ ನಾಲ್ಕು ಚೂರು ಕ್ಯಾರೆಟ್ ಹಾಕಿ ಕಳಿಸಿದೆ. ಧಣಿಗಳು ಒಂದು ಚಮಚ ಕುಡಿದು, "ಇದು ಜ್ವರ ಬಂದವರ ತಿಳಿಸಾರು" ಎಂದು ಎದ್ದುಹೋದರು.

ನನ್ನ ಮಾನ ಉಳಿಸಿದ್ದು ತರಕಾರಿ ಹೆಚ್ಚುವ ಮುದುಕರು. ಊರಿನ ಕಡೆಯವರೇ, ಅರವತ್ತು ದಾಟಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ನಾನು ಅವರನ್ನು ಮಾವ ಎನ್ನುತ್ತಿದ್ದೆ, ಸಂಬಂಧ ಏನೂ ಇರಲಿಲ್ಲ. ಪ್ರಾಯದಲ್ಲಿ ಅವರು ಮುಂಬಯಿಯ ಒಂದು ಕ್ಲಬ್ಬಿನ ಅಡುಗೆಮನೆಯಲ್ಲಿ ಇದ್ದವರು. ಹೆಚ್ಚಿದ ತರಕಾರಿಯ ಪಕ್ಕ ಬಿದ್ದಿದ್ದ ಸಿಪ್ಪೆಯ ರಾಶಿ ತೋರಿಸಿ, "ನಿನ್ನ ಸೂಪ್ ಇಲ್ಲಿ ಉಂಟು, ಮಾರಾಯಾ" ಎಂದರು.

"ಇದು ಅಕ್ಕಚ್ಚಿನ ಬಾಲ್ದಿಗೆ ಹೋಗುವ ಮಾಲಲ್ವಾ ಮಾವ? ದನಕ್ಕೆ ಕೊಡುವುದನ್ನು ಜನಕ್ಕೆ ಕೊಡುವುದಾ?"

"ಜನ ಕಾಸು ಕೊಟ್ಟು ಕುಡಿತಾರೆ, ನೋಡು ಬೇಕಾದ್ರೆ."

ಎರಡು ಬುಟ್ಟಿ ಇಟ್ಟರು. ಒಂದು ಸ್ಟಾಕಿಗೆ, ಅಂದರೆ ಸೂಪಿಗೆಂದು ಬೇಯಿಸಿ ಸೋಸುವ ನೀರಿಗೆ; ಒಂದು ಕಸಕ್ಕೆ. ಕ್ಯಾರೆಟ್ ಸಿಪ್ಪೆ, ಬೀನ್ಸಿನ ತುದಿ, ಕೊತ್ತಂಬರಿ ದಂಟು, ಚಳಿಗಾಲದ ಬಟಾಣಿಯ ಓಡು, ಇವೆಲ್ಲ ಸ್ಟಾಕಿಗೆ. ನೀರುಳ್ಳಿಯ ಒಣಸಿಪ್ಪೆ ಬಣ್ಣಕ್ಕೆ ಎರಡೇ ಎರಡು, ಹೆಚ್ಚಾದರೆ ಒಗರು. ಬಟಾಟೆಯ ಸಿಪ್ಪೆ ಬಿತ್ತೋ, ನೀರು ಗಂಜಿಯ ಹಾಗೆ ಮಸುಕು. ಮೆಂತೆಯ ದಂಟು ಕಹಿ. ಹೂಕೋಸಿನ ದಂಟು ಹೊತ್ತು ಬೆಂದರೆ ನಾತ. ಎಲ್ಲವನ್ನೂ ಮಣ್ಣು ಹೋಗುವ ತನಕ ತೊಳೆದು, ತಣ್ಣೀರಿನಲ್ಲೇ ಇಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕೊತಕೊತ ಕುದಿಸಬಾರದು, ಸೌಟು ಹಾಕಿ ತಿರುವಬಾರದು. ಸೋಸುವಾಗ ಬಟ್ಟೆಯನ್ನು ಹಿಂಡಲೇಬಾರದು. ನಾನು ಸಾರಿನ ಅಭ್ಯಾಸದಲ್ಲಿ ಹಿಂಡಲು ಹೋದಾಗ ಮಾವ ಕೈಗೆ ಪಟ್ಟೆಂದು ಹೊಡೆದರು. ತಾನಾಗಿ ಇಳಿದದ್ದು ಮಾತ್ರ ತಿಳಿ. ಪಾತ್ರೆಯ ತಳದ ಗೆರೆ ಕಾಣುವಷ್ಟು ತಿಳಿಯಾದ, ಹೊಂಬಣ್ಣದ ನೀರು ನೋಡಿ ನನಗೆ ನಿಜವಾಗಿ ಆಶ್ಚರ್ಯವಾಯಿತು.

"ರುಚಿ ನೋಡು" ಎಂದರು. ನಾನು ನೋಡಲಿಲ್ಲ. ನಮ್ಮ ಮನೆಯಲ್ಲಿ ಅಡುಗೆ ಮಾಡುವವನು ಬಡಿಸುವ ಮೊದಲು ಬಾಯಿಗೆ ಹಾಕುವ ಕ್ರಮ ಇಲ್ಲ. ಮೂಗಿನಲ್ಲೇ ಉಪ್ಪು ಹೇಳುತ್ತೇನೆ ಎಂಬ ಸೊಕ್ಕು ನನಗೆ. ಮಾವ ನಕ್ಕರು.

ಠಾಣೆಯಲ್ಲಿ ನನಗೆ ನಮ್ಮವರೆಂದು ಇದ್ದ ಮನುಷ್ಯ ಅವರೊಬ್ಬರೇ. ಹೆಂಡತಿ ಊರಿನಲ್ಲಿ, ಕಾಗದ ಬಂದರೆ ಬಂತು. ದುಡ್ಡಿನ ಗಲ್ಲೆಯಲ್ಲಿ ಮರಾಠಿ, ಸಪ್ಲಾಯರ್ ಜೊತೆ ಹಿಂದಿ. ಮಧ್ಯಾಹ್ನ ಮೂರರಿಂದ ನಾಲ್ಕು, ಒಲೆ ಆರಿದ ಹೊತ್ತಿನಲ್ಲಿ, ಹಿಂದಿನ ಮೆಟ್ಟಿಲ ಮೇಲೆ ಮಾವನ ಪಕ್ಕ ಕೂತರೆ ಮಾತ್ರ ನನ್ನ ನಾಲಿಗೆ ಸಡಿಲವಾಗುತ್ತಿತ್ತು. ದಿನಕ್ಕೆ ಆ ಒಂದು ಗಂಟೆ ಸಾಕು ಎನಿಸುತ್ತಿತ್ತು.

ಸೂಪ್ ಓಡಿತು. ಆದರೆ ಒಂದು ಶನಿವಾರ ಮೇಲಿನಿಂದ ಬಟ್ಟಲು ವಾಪಸ್ ಬಂತು. ಕಡವಾ ಹೈ, ಕಹಿ ಇದೆಯಂತೆ. ಮುಂದಿನ ಗುರುವಾರ ಮತ್ತೆ ಮೂರು ಬಟ್ಟಲು. ಉಳಿದ ದಿನ ಏನೂ ಇಲ್ಲ. ಧಣಿಗಳು ಒಳಗೆ ಬಂದು ಕೇಳಿದರು. "ಯಾರ ಕೈಯದ್ದು ಈ ಕಹಿ?"

ಮಾವ ನನ್ನ ಕಡೆ ನೋಡಿದರು. ನಾನು ಬುಟ್ಟಿಯ ಕಡೆ ನೋಡಿದೆ.

"ಮಾವನಿಗೆ ಕಣ್ಣು ಸರಿ ಕಾಣೂದಿಲ್ಲ, ಧಣಿ. ಮೆಂತೆ ದಂಟು ಬೀಳ್ತದೋ ಏನೋ" ಎಂದೆ.

ಬೇಕೆಂದು ಹೇಳಿದ ಸುಳ್ಳಲ್ಲ. ನಾನು ಹಾಗೆಯೇ ನಂಬಿದ್ದೆ. ಅದಕ್ಕೇ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು. ಆ ಮನುಷ್ಯ ಪ್ರತಿ ದಂಟನ್ನೂ ಉಗುರಿನಿಂದ ಚಿವುಟಿ ಮೂಗಿಗೆ ಹಿಡಿದು ಬುಟ್ಟಿಗೆ ಹಾಕುತ್ತಿದ್ದುದನ್ನು ದಿನಾ ನೋಡಿದವನು ನಾನು. ಮಾವ ವಾದ ಮಾಡಲಿಲ್ಲ. "ಇರಬಹುದು" ಎಂದರು, ಅಷ್ಟೇ. ಚೂರಿಯನ್ನು ತೊಳೆದು, ಒರೆಸಿ, ಹಲಗೆಯ ಮೇಲೆ ಅಡ್ಡ ಇಟ್ಟರು. ಮರುದಿನ ಬೆಳಿಗ್ಗೆ ಅವರ ಚೀಲ ಇರಲಿಲ್ಲ. ಉಲ್ಹಾಸನಗರದಲ್ಲಿ ಪರಿಚಯದವರ ಹೋಟೆಲಿಗೆ ಹೋದರಂತೆ.

ಆಮೇಲೆ ಎರಡೂ ಬುಟ್ಟಿ ನನ್ನ ಪಾಲಿಗೇ ಬಂದವು. ಶನಿವಾರ ಮತ್ತೆ ಬಟ್ಟಲು ವಾಪಸ್ ಬಂತು.

ಆ ದಿನ ಜೀವಮಾನದಲ್ಲಿ ಮೊದಲ ಸಲ ಪಾತ್ರೆಯಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಗಂಟಲಿನ ಹಿಂದೆ ಹಿಡಿದುಕೊಳ್ಳುವ ಕಹಿ. ಮೆಂತೆಯದಲ್ಲ. ಸೋಸಿದ ಚರಟವನ್ನು ಹಲಗೆಯ ಮೇಲೆ ಸುರಿದು ಒಂದೊಂದೇ ಬೇರ್ಪಡಿಸಿದೆ. ಕ್ಯಾರೆಟ್, ಬೀನ್ಸ್, ದಂಟು. ನಡುವೆ ಬಿಲ್ಲೆಯಂಥ ಹಸಿರು ತುಂಡುಗಳು, ಹತ್ತೋ ಹನ್ನೆರಡೋ. ಸೌತೆಕಾಯಿಯ ತೊಟ್ಟು.

ಆ ತಿಂಗಳು ಗುರುವಾರ, ಶನಿವಾರ ಮೇಲಿನವರಿಗೆ ಕೋಸಂಬರಿ ಶುರುವಾಗಿತ್ತು. ಬೇಯಿಸದೆ ಹಸಿಯಾಗಿಯೇ ಬಡಿಸುವುದಾದ್ದರಿಂದ ಸೌತೆಕಾಯಿ ಮಾತ್ರ ನನ್ನ ಕೈಯಲ್ಲೇ ಹೆಚ್ಚುವುದೆಂದು ನಾನೇ ಜಂಬದಿಂದ ಇಟ್ಟುಕೊಂಡಿದ್ದೆ. ನಮ್ಮಲ್ಲಿ ಮಗುವಿಗೂ ಗೊತ್ತು: ತೊಟ್ಟನ್ನು ಕೊಯ್ದು, ಕೊಯ್ದ ಜಾಗಕ್ಕೆ ತಿಕ್ಕಿ, ಬಿಳಿ ನೊರೆ ಬರಿಸಿ, ಕಹಿ ತೆಗೆದು ತುಂಡನ್ನು ಬಿಸಾಡುವುದು. ಊರಿನಲ್ಲಿ ಬಿಸಾಡುವುದೆಂದರೆ ಪಕ್ಕದ ಅಕ್ಕಚ್ಚಿನ ಬಾಲ್ದಿಗೆ. ಇಲ್ಲಿ ನನ್ನ ಬಲಗೈ ಪಕ್ಕ ಇದ್ದದ್ದು ಸ್ಟಾಕಿನ ಬುಟ್ಟಿ. ಕಹಿಯನ್ನೆಲ್ಲ ಒಂದು ತುಂಡಿಗೆ ತಂದು, ಆ ತುಂಡನ್ನು ಸೂಪಿಗೆ ಹಾಕುತ್ತಿದ್ದವನು ನಾನೇ. ಕೈಗೆ ಅದು ಕೆಲಸವೆಂದೇ ಅನಿಸಿರಲಿಲ್ಲ, ಹಾಗಾಗಿ ಲೆಕ್ಕಕ್ಕೇ ಬಂದಿರಲಿಲ್ಲ.

ಧಣಿಗಳ ಹತ್ತಿರ ಹೋಗಿ ಹೇಳಿದೆ. ಅವರು ತಲೆ ಕೆರೆದುಕೊಂಡು, "ಹೋಗಲಿ ಬಿಡು, ಇನ್ನು ಹಾಕಬೇಡ" ಎಂದರು. ಅವರಿಗೆ ಅಲ್ಲಿಗೆ ಮುಗಿಯಿತು.

ರಜೆಯ ದಿನ ಬೆಳಿಗ್ಗೆ ಸ್ಟಾಕ್ ಮಾಡಿ, ತಿಳಿಯನ್ನು ಫ್ಲಾಸ್ಕಿಗೆ ತುಂಬಿಸಿ, ಲೋಕಲ್ ಹಿಡಿದು ಉಲ್ಹಾಸನಗರಕ್ಕೆ ಹೋದೆ. ಡೊಂಬಿವಲಿ, ಕಲ್ಯಾಣ್ ದಾಟುವ ತನಕ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಹೋಟೆಲ್ ಸಿಕ್ಕಿತು. ಹಲಗೆಯ ಮುಂದೆ ಬೇರೆ ಯಾರೋ ಕೂತು ಬದನೆ ಹೆಚ್ಚುತ್ತಿದ್ದರು. ಮಾವ ಹಿಂದೆ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಲೋಟ ತೊಳೆಯುತ್ತಿದ್ದರು.

"ಮಾವ, ಇದೆಂಥ ಕೆಲಸ?"

"ಲೋಟಕ್ಕೆ ಕಣ್ಣು ಬೇಡ ಮಾರಾಯಾ" ಎಂದು ನಕ್ಕರು. "ಚೂರಿ ಕೊಡ್ತೇನೆ ಅಂದ್ರು ಇವರು. ನಾನೇ ಬೇಡ ಅಂದೆ. ನೀನು ಹೇಳಿದ ಮೇಲೆ ನನಗೂ ಹಾಗೇ ಕಾಣ್ಲಿಕ್ಕೆ ಶುರುವಾಯ್ತು. ಎಂಥ ಬಿದ್ದಿತೋ, ಎಲ್ಲಿ ಬಿದ್ದಿತೋ."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ತೊಟ್ಟಿನ ಕಥೆಯನ್ನು ತಡವರಿಸಿ ಹೇಳಿದೆ. ತಪ್ಪಾಯಿತು ಎಂದೆ. ಮಾವ ಕೈ ಒರೆಸಿಕೊಂಡು, ಈಗಷ್ಟೇ ತೊಳೆದ ಲೋಟ ಮುಂದೆ ಹಿಡಿದರು. ನಾನು ಫ್ಲಾಸ್ಕಿನ ತಿಳಿ ಬಗ್ಗಿಸಿದೆ. ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಕುಡಿದರು.

"ತಿಳಿ ಬಂದಿದೆ. ಹಿಂಡಲಿಲ್ಲ ನೀನು."

"ಇಲ್ಲ. ವಾಪಸ್ ಬನ್ನಿ ಮಾವ. ಧಣಿಗಳಿಗೆ ಹೇಳಿದ್ದೇನೆ."

ಅವರು ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು. ಬೆರಳು ಸಣ್ಣಗೆ ನಡುಗುತ್ತಿದ್ದವು. ಠಾಣೆಯಲ್ಲಿ ಅವು ನಡುಗಿದ್ದನ್ನು ನಾನು ಕಂಡಿರಲಿಲ್ಲ.

"ಆಗ ಈ ಕೈ ಸರಿ ಇತ್ತು ಅಂತ ಆಯ್ತಲ್ಲ, ಸಾಕು" ಎಂದರು. "ಈಗ ಇದಕ್ಕೆ ಹೆದರಿಕೆ ಕೂತಿದೆ. ನೀನು ಹೊರಡು, ತಡವಾದ್ರೆ ಗಾಡಿ ಸಿಗೂದಿಲ್ಲ."

ಖಾಲಿ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಠಾಣೆಗೆ ಬಂದೆ. ಮರುದಿನ ಮಧ್ಯಾಹ್ನ ಮೂರಕ್ಕೆ ಮೆಟ್ಟಿಲ ಮೇಲೆ ಕೂತೆ, ನಾಲ್ಕಾಗುವ ತನಕ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಆ ಹೋಟೆಲಿನಲ್ಲಿ ಎಷ್ಟೋ ವರ್ಷ ಸೂಪ್ ಮಾಡಿದೆ. ಒಂದು ಬಟ್ಟಲೂ ವಾಪಸ್ ಬರಲಿಲ್ಲ.