ಶಮಾಯಿಯ ಬಾಚಣಿಗೆ

ನಮ್ಮ ಕುಡ್ತರಿ ಊರಿನ ಹೆಣ್ಣುಮಕ್ಕಳ ಕೂದಲು ಮೂವತ್ತು ವರ್ಷಗಳಿಂದ ಎರ್ಮೆಲಿಂದಾಳ ಜಗಲಿಯಲ್ಲೇ ಕತ್ತರಿ ಕಾಣುತ್ತ ಬಂದಿದೆ. ಪಕ್ಕದ ಮನೆಯವಳಾದ ನಾನು ಚಹಾದ ಲೋಟ ಹಿಡಿದು ಅಲ್ಲೇ ಕೂತು ನೋಡಿದವಳು. ಎಂಥ ಹಟಮಾರಿ ಮಗುವೂ ಅವಳ ಕೈಯಲ್ಲಿ ಅತ್ತದ್ದಿಲ್ಲ. ಮೊದಲು ನೀರು ಚಿಮುಕಿಸಿ, ಒಂದಿಷ್ಟು ಕಂಡಿಷನರ್ ಸವರುತ್ತಾಳೆ. ಗಂಟಿನ ಮೇಲ್ಭಾಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿ ಬಿಡಿಸುತ್ತ ಮೆಲ್ಲಗೆ ಮೇಲೇರುತ್ತಾಳೆ. ಎಳೆತವೆಲ್ಲ ಅವಳ ಮುಷ್ಟಿಗೆ, ಮಗುವಿನ ನೆತ್ತಿಗಲ್ಲ.

ಇದೆಲ್ಲ ಊರಿನ ಮಕ್ಕಳಿಗೆ. ಸ್ವಂತ ಮೊಮ್ಮಗಳು ಲವಿನಿಯಾಗೆ ಈ ಭಾಗ್ಯವಿರಲಿಲ್ಲ.

ಎಂಟು ವರ್ಷದ ಲವಿಯದು ರೇಷ್ಮೆಯಂಥ ನವಿರಾದ ಕೂದಲು. ದಿಂಬಿಗೆ ಉಜ್ಜಿದರೆ ಸಿಕ್ಕು, ಶಾಲೆಯ ಚೀಲದ ಪಟ್ಟಿ ತಾಗಿದರೆ ಸಿಕ್ಕು. ಆದರೂ ಸೊಂಟದವರೆಗೆ ಬೆಳೆಸಿದ್ದರು. ಕುವೈತಿನಲ್ಲಿ ನರ್ಸ್ ಆಗಿರುವ ಅವಳ ತಾಯಿ, ಎರ್ಮೆಲಿಂದಾಳ ಮಗಳು ಇವೆಟ್‌ಗೆ, ಮಗು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಪಡೆಯುವ ಮೊದಲ ಕಮ್ಯುನಿಯನ್ನಿನ ಫೋಟೋದಲ್ಲಿ ಬಿಳಿ ಮುಸುಕಿನ ಕೆಳಗೆ ಉದ್ದ ಕೂದಲು ಕಾಣಬೇಕಿತ್ತು. ಬೆಳಿಗ್ಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯುವಾಗ ಎರ್ಮೆಲಿಂದಾ ಒಣ ಕೂದಲಿಗೆ ನೆತ್ತಿಯಿಂದಲೇ ಬಾಚಣಿಗೆ ಹಾಕಿ ಕೆಳಕ್ಕೆ ಎಳೆಯುತ್ತಿದ್ದಳು. ಮಗು ಕಿರುಚುತ್ತಿತ್ತು.

"ಬಾಯಿ ಮುಚ್ಚು! ಹಿರಿಯರ ಮುಂದೆ ಕಿರುಚೋದು ಪಾಪ. ನಾಳೆ ಪಾದ್ರಿ ಮುಂದೆ ಒಪ್ಕೋಬೇಕಾಗ್ತದೆ, ನೋಡ್ಕೋ!"

ಏಳೂವರೆ ಆಯಿತೆಂದು ತಿಳಿಯಲು ನಮ್ಮ ಮನೆಗೆ ಗಡಿಯಾರವೇ ಬೇಡ ಎಂದು ನಾನು ಈಚೆಯಿಂದ ನಗುತ್ತಿದ್ದೆ. ಆ ನಗು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಈಸ್ಟರ್ ಕಳೆದ ಮೇಲೆ ಕಿರುಚಾಟ ನಿಂತಿತು. "ನಾನೇ ಬಾಚ್ಕೊಂಡೆ ಶಮಾಯ್," ಎನ್ನುತ್ತ ಲವಿ ತಲೆಗೆ ಹೇರ್‌ಬ್ಯಾಂಡ್ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಶಮಾಯ್ ಎಂದರೆ ನಮ್ಮಲ್ಲಿ ಅಜ್ಜಿ; ಅವಳಿಗೂ ನಿರಾಳ.

ಕಮ್ಯುನಿಯನ್ನಿಗೆ ಎರಡು ವಾರವಿದೆ ಎನ್ನುವಾಗ ಒಂದು ಶನಿವಾರ, ಮೊದಲ ಪಾಪನಿವೇದನೆಗೆ ಲವಿ ಬರೆದುಕೊಂಡ ಚೀಟಿ ಜಗಲಿಯ ಕುರ್ಚಿಯ ಮೇಲೆ ಬಿದ್ದಿತ್ತು. ಎರ್ಮೆಲಿಂದಾ ನಗುತ್ತಲೇ ನನಗೆ ಓದಿ ಹೇಳತೊಡಗಿದಳು.

"ಒಂದು, ಶಮಾಯ್ ಬಾಚುವಾಗ ಕಿರುಚಿದೆ. ಎರಡು, ಇನ್ನು ಕಿರುಚಲ್ಲ ಅಂತ ದೇವರಿಗೆ ಹೇಳಿ ಮತ್ತೆ ಕಿರುಚಿದೆ. ಮೂರು, ನೋವಾಗ್ತದೆ ಅಂತ ಬಾಚಲೇ ಇಲ್ಲ, ಬಾಚಿದೆ ಅಂತ ಸುಳ್ಳು ಹೇಳಿದೆ."

ಮೂರನೆಯದು ಓದುವಾಗ ನಗು ಇರಲಿಲ್ಲ. ಮಗುವನ್ನು ಕರೆದು ಮೇಲಿನ ಕೂದಲನ್ನು ಎತ್ತಿದಳು. ಮೇಲೆ ನಯವಾಗಿತ್ತು, ಅಡಿಯಲ್ಲಿ, ಕತ್ತಿನ ಹಿಂದೆ, ಮುಷ್ಟಿಗಾತ್ರದ ಗಂಟು ಕಂಬಳಿಯಂತೆ ಗಟ್ಟಿಯಾಗಿತ್ತು.

ಕಂಡಿಷನರ್ ಹಾಕಿ, ಬೆರಳಿನಿಂದ ಎಳೆ ಎಳೆಯಾಗಿ ಒಂದೂವರೆ ಗಂಟೆ ಬಿಡಿಸಿದಳು. ಅಂಚು ಸಡಿಲವಾಯಿತು, ನಡುವೆ ಕೂದಲು ತುಂಡಾಗತೊಡಗಿತು. ಗಂಟು ಕಿವಿಯ ಮಟ್ಟಕ್ಕಿಂತ ಕೆಳಗಿತ್ತು. ಗದ್ದದವರೆಗಿನ ಬಾಬ್ ಕಟ್ ಮಾಡಿದರೆ ಅದರ ಬಹುಪಾಲು ಹೋಗುತ್ತಿತ್ತು.

"ಮಗುವಿಗೆ ಹೇನು ಆಗಿತ್ತು, ಅದಕ್ಕೇ ಕತ್ತರಿಸಿದ್ದು ಅಂತ ಇವೆಟ್‌ಗೆ ಹೇಳ್ಬಿಡು," ಎಂದೆ ನಾನು.

"ಮಗು ಸುಳ್ಳು ಹೇಳಿದ್ದನ್ನ ಬರೆದಿಟ್ಟಿದೆ. ನಾನು ಹೊಸ ಸುಳ್ಳು ಹೇಳ್ಲಾ?" ಎಂದು ಫೋನ್ ಹಚ್ಚಿ, "ನಾನೇ ಹಾಳು ಮಾಡಿದ್ದು ಇವೆಟ್, ಎಳೆದೆಳೆದು ಬಾಚಿ ಅವಳಿಗೆ ಬಾಚಣಿಗೆ ಕಂಡ್ರೆ ಭಯ ಹುಟ್ಟಿಸಿದೆ," ಎಂದಳು.

ಆಚೆ ಕಡೆಯಿಂದ ಇವೆಟ್ ಹೇಳಿದ್ದು ನನಗೂ ಕೇಳಿಸಿತು: "ನಂಗೂ ನೀನು ಹಂಗೇ ಬಾಚ್ತಿದ್ದೆ ಮಾಯ್. ಕತ್ತರಿಸು."

ಎರ್ಮೆಲಿಂದಾ ಫೋನ್ ಕೆಳಗಿಟ್ಟಳು. ಅಂಥ ಏಟು ಅವಳಿಗೆ ಬಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಲವಿಯ ಮುಂದೆ ಮಂಡಿಯೂರಿ, "ಕತ್ತರಿಸ್ಲಾ ಮಗೂ?" ಎಂದು ಕೇಳಿದಳು. ಮಗು ಹೂಂ ಎಂದು ತಲೆ ಆಡಿಸಿದ ಮೇಲೆಯೇ ಕತ್ತರಿ ಎತ್ತಿದ್ದು. ಗದ್ದದ ಮಟ್ಟಕ್ಕೆ, ಒಂದೇ ನೇರಕ್ಕೆ. ನವಿರು ಕೂದಲಿಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರೆ ಇನ್ನೂ ತೆಳುವಾಗಿ ಕಾಣುತ್ತದೆ. ಕಾಲರಿಗೆ ಉಜ್ಜದಂತೆ ಹಿಂದೆ ಚೂರು ಗಿಡ್ಡ. ದಿಂಬಿಗೆ ತನ್ನ ಹಳೆಯ ಸ್ಯಾಟಿನ್ ಉಡುಪಿನ ಗವಸು ಹೊಲಿದಳು. ತಲೆ ತೊಳೆದಾಗ ಕೂದಲನ್ನು ಉಜ್ಜದೆ ಟವಲಿನಲ್ಲಿ ಒತ್ತಿ ನೀರು ತೆಗೆಯತೊಡಗಿದಳು. ಬಾಚಣಿಗೆಯನ್ನು ಲವಿಯ ಕೈಗೇ ಕೊಟ್ಟಳು. ಈಗ ಬಾಚುವುದು ಎರಡು ನಿಮಿಷದ ಕೆಲಸ.

"ಚೀಟಿಯಲ್ಲಿ ಮೊದಲಿನ ಎರಡು ಹೊಡೆದುಹಾಕು. ಅವು ನಿನ್ನ ಪಾಪ ಅಲ್ಲ, ನಂದು," ಎಂದಳು.

"ಹಂಗಾದ್ರೆ ನೀನು ಪಾದ್ರಿಗೆ ಹೇಳು," ಎಂದಿತು ಮಗು. ಹೇಳಿದಳು. ಪಾಪನಿವೇದನೆಯ ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ನನಗೆ ಕಾಲು ನೋಯುವಷ್ಟು ಹೊತ್ತು ಹಿಡಿಯಿತು.

ಕಮ್ಯುನಿಯನ್ ದಿನ ಮುಸುಕಿನ ಹೂಕಿರೀಟ ಬಾಬ್ ಮೇಲೆ ಚೆನ್ನಾಗಿಯೇ ಕೂತಿತು. ಚರ್ಚಿನ ಮೆಟ್ಟಿಲ ಮೇಲೆ ಫೋಟೋದವನು "ಇಲ್ಲಿ ನೋಡು" ಎನ್ನುವಾಗ, ಕೆನ್ನೆಗೆ ಬಿದ್ದ ಒಂದು ಎಳೆಯನ್ನು ಸರಿಸಲು ಎರ್ಮೆಲಿಂದಾ ಕೈ ಚಾಚಿದಳು. ನಗುತ್ತಿದ್ದ ಮಗುವಿನ ಎರಡು ಹೆಗಲೂ ಕಿವಿಯವರೆಗೆ ಏರಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡವು. ಫೋಟೋದಲ್ಲಿ ಹಾಗೆಯೇ ಬಂದಿದೆ.