ಚೀಟಿಯಲ್ಲಿಲ್ಲದ ಪ್ರಶ್ನೆ

ಹೋದ ತಿಂಗಳು ವಿಚಾರಿಸಿಕೊಂಡು ಹೋಗಿ ಮಕ್ಕಳನ್ನು ಸೇರಿಸದ ತಂದೆತಾಯಿಗೆ ಫೋನು ಮಾಡುವುದು ಗುತ್ತಲಿನ ಟ್ಯೂಷನ್ ಸೆಂಟರಿನಲ್ಲಿ ವನಜಾಳ ಕೆಲಸ. ಏನು ಮಾತಾಡಬೇಕೆಂಬ ಚೀಟಿಯನ್ನು ಅವಳೇ ಬರೆದು ಮೇಜಿಗೆ ಅಂಟಿಸಿದ್ದಳು: 'ಈಗ ಮಾತಾಡಬಹುದೇ ಎನ್ನಿ. ಯಾಕೆ ಸೇರಿಸಲಿಲ್ಲ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಶನಿವಾರದ ಉಚಿತ ಕ್ಲಾಸಿಗೆ ಕರೆಯಿರಿ. ಬೇಡವೆಂದರೆ ಮತ್ತೆ ಕಾಡಬೇಡಿ.'

ಆ ಸುಮ್ಮನಿರುವ ಹೊತ್ತು ಅವಳಿಗೆ ಬಲು ಇಷ್ಟ. ಫೋನಿನೊಳಗಿನ ಕುಕ್ಕರಿನ ಸೀಟಿ, ಕರುವಿನ ಕೂಗು ಕೇಳುತ್ತ, ತಾನು ಕಾಣದ ಮನೆಗಳ ಜಗಲಿಯಲ್ಲಿ ಹೋಗಿ ಕೂತುಬಿಡುತ್ತಿದ್ದಳು.

ಇವತ್ತು ಹೊಳಲಿನ ಶಿವನಂಜಮ್ಮನನ್ನು ಕೇಳಿ ಸುಮ್ಮನಾದಾಗ ನಾಲೆಯ ನೀರಿನ ಸದ್ದು ಕೇಳಿಸಿತು. ಅದರಲ್ಲೇ ತೇಲಿಹೋಗುತ್ತಿದ್ದಳು.

"ಮಗಳೇ ಬರಾಕಿಲ್ಲ ಅಂತವ್ಳೆ ಕಣಮ್ಮ. ಅವತ್ತು ಮಾರ್ಕ್ಸು ಕೇಳುದ್ರಿ, ಕ್ಲಾಸು ಕೇಳುದ್ರಿ. ಪಕ್ಕದಲ್ಲೇ ನಿಂತಿದ್ ಮಗೀನ ಎಸ್ರು ಕೇಳುದ್ರಾ?"

ವನಜಾ ರಿಜಿಸ್ಟರ್ ತೆರೆದಳು. ಅಪ್ಪ ಅಮ್ಮನ ಹೆಸರು, ನಂಬರು, ಕ್ಲಾಸು, ಮಾರ್ಕ್ಸು. ನಲವತ್ತು ಸಾಲಿನಲ್ಲಿ ಒಂದು ಮಗುವಿನ ಹೆಸರೂ ಇಲ್ಲ. ಆ ಪುಟಕ್ಕೆ ಗೀಟೆಳೆದು ಕಾಲಂ ಮಾಡಿದವಳೂ ಅವಳೇ.

"ಹೆಸರೇನಮ್ಮ ಅವಳದು?"

"ನನ್ನೇನ್ ಕೇಳೀರಿ? ಇಲ್ಲೇ ಅವ್ಳೆ, ಅವ್ಳನ್ನೇ ಕೇಳಿ."

ಫೋನು ಕೈ ಬದಲಾಯಿತು. ವನಜಾ "ನಿನ್ನ ಹೆಸರೇನು?" ಎಂದು ಕೇಳಿ ಸುಮ್ಮನಾದಳು. ಈ ಸಲ ಯಾವ ಜಗಲಿಗೂ ಹೋಗಲಿಲ್ಲ.